ಗುಳ್ಳದ ಸಸಿ ಕೊಳ್ಳುವ ಮುನ್ನ ಬೇರನ್ನು ನೋಡಿ

ಮಳೆ ಇಳಿದ ಮೇಲೆ ಗುಳ್ಳ ಬದನೆ ನೆಡಲು ಹೊರಗಿನಿಂದ ಸಸಿ ತರುವವರೆಲ್ಲರೂ ದಯವಿಟ್ಟು ಇದನ್ನು ಓದಬೇಕು. ಉಡುಪಿ ಸಮೀಪದ ನಮ್ಮ ಹಿತ್ತಿಲಿಗೆ ಒಂದು ನರ್ಸರಿಯಿಂದ ತಂದ ಸಸಿಗಳು ನೋಡಲು ಹಸಿರಾಗಿಯೇ ಇದ್ದವು. ಹೂ ಬಿಡುವ ಹೊತ್ತಿಗೆ, ಮಣ್ಣಿನಲ್ಲಿ ಪಸೆಯಿದ್ದರೂ ಗಿಡಗಳು ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳತೊಡಗಿದವು; ಗೊಬ್ಬರ ಕೊಟ್ಟರೂ ಎಲೆಯ ಹಳದಿ ಹೋಗಲಿಲ್ಲ. ಒಂದನ್ನು ಅಗೆದು ತೊಳೆದಾಗ ಬೇರಿನ ತುಂಬ ಗಂಟುಗಳಿದ್ದವು. ನೆಡದೆ ಉಳಿದಿದ್ದ ಸಸಿಗಳ ಪೊಟ್ಟಣ ಬಿಡಿಸಿದರೆ ಅಲ್ಲಿಯೂ ಸಣ್ಣ ಗಂಟುಗಳು ಕಂಡವು, ಅಂದರೆ ಬೇರುಗಂಟು ಜಂತುಹುಳು ನರ್ಸರಿಯ ಮಣ್ಣಿನೊಡನೆಯೇ ನಮ್ಮ ಸಾಲಿಗೆ ಬಂದಿತ್ತು.

ಅಲಸಂಡೆಯ ಬೇರಿನಲ್ಲಿರುವ ಉಪಕಾರಿ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಬೆರಳಿನಿಂದ ಉಜ್ಜಿದರೆ ಕಳಚುತ್ತದೆ. ಜಂತುಹುಳುವಿನ ಗಂಟು ಹಾಗಲ್ಲ, ಬೇರು ತಾನೇ ಊದಿಕೊಂಡಿರುತ್ತದೆ. ಆದುದರಿಂದ ಹಣ ಕೊಡುವ ಮೊದಲು ಒಂದೆರಡು ಸಸಿಗಳ ಬೇರನ್ನು ತೊಳೆದು ತೋರಿಸುವಂತೆ ಕೇಳಿ, ಒಪ್ಪದವರಲ್ಲಿ ಕೊಳ್ಳಬೇಡಿ.

ಒಮ್ಮೆ ಹೊಕ್ಕ ಹುಳುವನ್ನು ಪೂರ್ತಿ ಅಳಿಸಲಾಗದು, ಕಡಿಮೆ ಮಾಡಬಹುದಷ್ಟೆ. ನಾವು ರೋಗದ ಗಿಡಗಳನ್ನು ಬೇರುಸಹಿತ ಕಿತ್ತು ಒಣಗಿಸಿ ಸುಟ್ಟು, ಏಪ್ರಿಲ್‌ ಬಿಸಿಲಿನಲ್ಲಿ ಸಾಲನ್ನು ಹುಡಿ ಮಾಡಿ, ಚೆನ್ನಾಗಿ ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್‌ ಹಾಳೆಯನ್ನು ಮಣ್ಣಿಗೆ ತಾಗುವಂತೆ ಎಳೆದು ಅಂಚುಗಳನ್ನು ಹೂತೆವು. ನಾಲ್ಕರಿಂದ ಆರು ವಾರ ಹಾಗೆಯೇ ಬಿಡಬೇಕು. ಒಣ ಮಣ್ಣಿನಲ್ಲಿ ಶಾಖ ಕೆಳಗಿಳಿಯುವುದಿಲ್ಲ, ಕಪ್ಪು ಹಾಳೆಯಡಿ ಮಣ್ಣು ಅಷ್ಟು ಕಾಯುವುದಿಲ್ಲ. ಸರಿಯಾಗಿ ಮಾಡಿದರೂ ಮೇಲಿನ ಒಂದು ಗೇಣು ಮಣ್ಣಿನಲ್ಲಿ ಮಾತ್ರ ಹೆಚ್ಚಿನ ಫಲ ಸಿಗುತ್ತದೆ. ಆಳದಲ್ಲಿ ಉಳಿದವು ಗುಳ್ಳದ ಬೇರು ಇಳಿದಂತೆ ಮತ್ತೆ ಹೆಚ್ಚುತ್ತವೆ.

ಗೊಂಡೆ ಹೂವಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳವಿದೆ. ಸಾಲಿನ ಅಂಚಿಗೆ ನಾಲ್ಕು ಗಿಡ ನೆಟ್ಟರೆ ಚೆಂದವೇ ಹೊರತು ರಕ್ಷಣೆಯಲ್ಲ. ಹುಳುವನ್ನು ತಡೆಯುವ ರಾಸಾಯನಿಕ ಕೆಲಸ ಮಾಡುವುದು ಬೆಳೆಯುತ್ತಿರುವ ಬೇರಿನಲ್ಲಿ ಮತ್ತು ಅದರ ಹತ್ತಿರದ ಮಣ್ಣಿನಲ್ಲಿ. ಆದುದರಿಂದ ಸಣ್ಣ ಹೂವಿನ ಗೊಂಡೆಯನ್ನು ಇಡೀ ಸಾಲಿನಲ್ಲಿ ಒತ್ತಾಗಿ, ಬೇರೆ ಬೆಳೆಯಿಲ್ಲದೆ, ಎರಡು ಮೂರು ತಿಂಗಳು ಬೆಳೆಸಿದ ಮೇಲೆಯೇ ತರಕಾರಿ ನೆಡಬೇಕು. ನಡುವೆ ಕಳೆ ಬೆಳೆದರೆ ಹುಳು ಅದರಲ್ಲೇ ಬದುಕುತ್ತದೆ. ಬೆಂಡೆಯಂತೂ ಹುಳುವಿಗೆ ಬಹಳ ಪ್ರಿಯ, ಇಂತಹ ಸಾಲಿಗೆ ಅದು ಬೇಡ.

ನನ್ನ ಅಭಿಪ್ರಾಯದಲ್ಲಿ ಬದನೆ ಜಾತಿಗೆ ಹೆಚ್ಚು ಭರವಸೆ ಕೊಡುವುದು ಕಾಡುಸುಂಡೆಯ ಬುಡಕ್ಕೆ ಕಸಿ ಮಾಡಿದ ಸಸಿ, ಏಕೆಂದರೆ ಆ ಬೇರಿನಲ್ಲಿ ಹುಳು ಸುಲಭವಾಗಿ ವಂಶ ಬೆಳೆಸಲಾರದು. ಸುಂಡೆಯ ಬೀಜ ನಿಧಾನವಾಗಿ ಮೊಳೆಯುವುದರಿಂದ ಅದನ್ನು ಗುಳ್ಳಕ್ಕಿಂತ ಕೆಲವು ವಾರ ಮೊದಲೇ ಬಿತ್ತಬೇಕು. ನೆಡುವಾಗ ಕಸಿಗಂಟು ಮಣ್ಣಿನಿಂದ ಮೇಲಿರಲಿ. ಬುಡಕ್ಕೆ ಮಣ್ಣೇರಿಸುವಾಗ ಅದು ಮುಚ್ಚಿಹೋದರೆ ಗುಳ್ಳವೇ ಬೇರು ಬಿಟ್ಟು ಹುಳುವಿಗೆ ಮತ್ತೆ ದಾರಿಯಾಗುತ್ತದೆ. ಗಂಟಿನ ಕೆಳಗೆ ಒಡೆಯುವ ಸುಂಡೆಯ ಚಿಗುರನ್ನು ಕಂಡಕಂಡಾಗ ಚಿವುಟಬೇಕು.