ಬರೀ ಹೆಸರು ಕೊಡೋದಾ, ಫ್ರಾಂಚೈಸಿ ಕೊಡೋದಾ? ನಮ್ಮ ಹೋಟೆಲಿನ ಎರಡು ಕರಾರುಗಳು

ನಮ್ಮದು ಮೈಸೂರಿನ ಸಣ್ಣ ತಿಂಡಿ ಹೋಟೆಲು. ಹಾಸನದವರೊಬ್ಬರಿಗೆ ಬರೀ ಟ್ರೇಡ್‌ಮಾರ್ಕ್ ಲೈಸೆನ್ಸ್ ಕೊಟ್ಟೆವು, ತುಮಕೂರಿನವರಿಗೆ ಪೂರ್ತಿ ಫ್ರಾಂಚೈಸಿ ಕರಾರು. ಮತ್ತೊಬ್ಬರು ಬಂದು ಕೇಳಿದರೆ ಕಣ್ಣುಮುಚ್ಚಿ ಎರಡನೆಯದನ್ನೇ ಕೊಡುತ್ತೇನೆ. ರಾಯಲ್ಟಿ ಜಾಸ್ತಿ ಬರುತ್ತದೆ ಅಂತಲ್ಲ, ಸಾಂಬಾರ್ ಪುಡಿಯ ದೆಸೆಯಿಂದ.

ಲೈಸೆನ್ಸ್ ನೋಡಲು ಬಲು ಸಲೀಸು. ತಿಂಗಳಿಗೆ ಇಷ್ಟು ಅಂತ ನಿಗದಿ ದುಡ್ಡು, ಬಿಲ್ಲು ನೋಡುವ ರಗಳೆಯಿಲ್ಲ. ಗುಣಮಟ್ಟದ ಬಗ್ಗೆ ಇದ್ದದ್ದು ಒಂದೇ ಸಾಲು: ‘ಬ್ರ್ಯಾಂಡಿನ ಘನತೆಗೆ ತಕ್ಕ ಗುಣಮಟ್ಟ ಕಾಪಾಡತಕ್ಕದ್ದು.’ ಕೆಲವು ತಿಂಗಳಲ್ಲೇ ಹಾಸನದ ಕಡೆಯ ಗಿರಾಕಿಗಳು ನಮ್ಮ ಗಲ್ಲಾದ ಹತ್ತಿರ ನಿಂತು, ‘ಅಲ್ಲಿ ಸಾಂಬಾರ್ ಬೇರೇನೇ ಇದೆ ಸಾರ್’ ಅನ್ನತೊಡಗಿದರು. ಹೋಗಿ ನೋಡಿದರೆ ಅಂಗಡಿಯ ಪ್ಯಾಕೆಟ್ ಪುಡಿ. ಕೇಳಿದ್ದಕ್ಕೆ, ‘ಜನ ತಿಂತಾ ಇದಾರಲ್ಲ ಸಾರ್, ಏನು ಕಮ್ಮಿ ಆಗಿದೆ ಹೇಳಿ?’

ಅಲ್ಲೇ ಸಿಕ್ಕಿಬಿದ್ದೆವು. ಪುಡಿ ಕಲಬೆರಕೆಯಲ್ಲ, ಅಡುಗೆಮನೆ ಚೊಕ್ಕಟ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಅವರ ಹೆಸರಿನಲ್ಲಿ ಸರಿಯಾಗಿಯೇ ಇತ್ತು. ನೋಟಿಸ್ ಕೊಡಬಹುದು, ಆದರೆ ಯಾವ ಷರತ್ತು ಮುರಿದರು ಅಂತ ಬರೆಯುವುದು? ‘ಘನತೆ’ಗೆ ಅಳತೆ ಎಲ್ಲಿದೆ? 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ, ಲಿಖಿತ ಕರಾರಿನ ಷರತ್ತಿಗೆ ಒಳಪಟ್ಟು ಹೆಸರು ಬಳಸಿದರೆ ಅವರ ಬಳಕೆಯೂ ನಮ್ಮ ಬಳಕೆ ಅಂತಲೇ ಲೆಕ್ಕ. ಅಂದಮೇಲೆ ಷರತ್ತಿನಲ್ಲಿ ಹುರುಳಿರಬೇಕು. ಕೊನೆಗೆ ಅವಧಿ ಮುಗಿಯುವವರೆಗೂ ಹಲ್ಲುಕಚ್ಚಿ ಕಾದೆವು.

ತುಮಕೂರಿನ ಕರಾರಿಗೆ ಒಂದು ಅನುಬಂಧ ಸೇರಿಸಿದೆವು. ಸಾಂಬಾರ್ ಪುಡಿ ನಮ್ಮಿಂದಲೇ ಕೊಳ್ಳಬೇಕು. 1 ಕೆಜಿಗೆ 65 ಲೀಟರ್ ಸಾಂಬಾರ್, ತಟ್ಟೆಗೆ 130 ಮಿ.ಲೀ. ಅಂದರೆ ಕೆಜಿಗೆ 500 ತಟ್ಟೆ. ತಿಂಗಳಿಗೆ 9,000 ತಟ್ಟೆ ಬಿಲ್ಲಾಗಿದ್ದರೆ 18 ಕೆಜಿ ಪುಡಿ ಹೋಗಿರಬೇಕು. 11 ಕೆಜಿ ಮಾತ್ರ ತರಿಸಿದ್ದರೆ ಒಂದೋ ಸಾಂಬಾರ್ ನೀರಾಗಿದೆ, ಇಲ್ಲವೇ ಹೊರಗಿನ ಪುಡಿ ಬಿದ್ದಿದೆ. 25 ಕೆಜಿ ತರಿಸಿದ್ದರೆ ಬಿಲ್ಲಾಗದ ತಟ್ಟೆಗಳು ಎಲ್ಲೋ ಇವೆ. ಎರಡನೇ ಸಲ ಸಾಂಬಾರ್ ಹಾಕಿಸಿಕೊಳ್ಳುವವರಿಗೂ ಚೆಲ್ಲಿಹೋಗುವುದಕ್ಕೂ ಹತ್ತು ಪರ್ಸೆಂಟ್ ಬಿಡುತ್ತೇವೆ. ಗುಣಮಟ್ಟ, ರಾಯಲ್ಟಿ ಎರಡಕ್ಕೂ ಅದೇ ಪುಡಿ ಲೆಕ್ಕ ಸಾಕ್ಷಿ. ಅಂದಹಾಗೆ, ಹೋಟೆಲ್ ಸೇವೆಗೆ ನೋಂದಣಿ 43ನೇ ವರ್ಗದಲ್ಲಿ. ಪುಡಿಯನ್ನು ಅದೇ ಹೆಸರಿನಲ್ಲಿ ಮಾರುವುದಾದರೆ 30ನೇ ವರ್ಗವೂ ಬೇಕು.

ರಾಯಲ್ಟಿ 5 ಪರ್ಸೆಂಟ್. 8 ಲಕ್ಷ ವ್ಯಾಪಾರಕ್ಕೆ 40,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 7,200. ಊಟಕ್ಕೆ 5 ಪರ್ಸೆಂಟ್ ಜಿಎಸ್‌ಟಿ ಹಾಕುವ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ ಸಿಗದ ಕಾರಣ ಆ 7,200 ಅವರ ಕೈಯಿಂದಲೇ ಹೋಗುತ್ತದೆ. ಅವರ ಪಾಲಿಗೆ ನಿಜವಾದ ರಾಯಲ್ಟಿ 5.9 ಪರ್ಸೆಂಟ್. ಇದನ್ನು ಸಹಿಗೆ ಮೊದಲೇ ಹೇಳಿಬಿಡಿ, ಆಮೇಲೆ ಹೇಳಿದರೆ ಮನಸ್ತಾಪ. ‘ವ್ಯಾಪಾರ’ ಅಂದರೆ ಡೆಲಿವರಿ ಆ್ಯಪಿನ ಕಮಿಷನ್ ಕಳೆಯುವ ಮೊದಲಿನ ಮೊತ್ತವೋ, ಕಳೆದ ಮೇಲಿನದೋ ಅಂತಲೂ ಬರೆದಿರಬೇಕು. ನಾವು ಮೊದಲಿನದು ಅಂತ ಬರೆದೆವು. ಅದಕ್ಕೆ ಬದಲಾಗಿ ಆಫರ್ ರಿಯಾಯಿತಿಯನ್ನು ಲೆಕ್ಕದಿಂದ ಬಿಟ್ಟೆವು.

ಪ್ರದೇಶದ ವಿಷಯಕ್ಕೆ ಬಂದರೆ, ಲೈಸೆನ್ಸಿನಲ್ಲಿ ‘ಹಾಸನ ನಗರ’ ಅಂತ ಇಡೀ ಊರನ್ನೇ ಬರೆದುಕೊಟ್ಟಿದ್ದೆವು. ತುಮಕೂರಿನವರಿಗೆ ಅಂಗಡಿಯಿಂದ 3 ಕಿ.ಮೀ. ಮಾತ್ರ, ಅದರೊಳಗೆ ಬೇರೆಯವರಿಗೆ ಕೊಡುವುದಿಲ್ಲ. ಆ್ಯಪಿನ ಆರ್ಡರ್ ಗಡಿ ದಾಟಿದರೆ ತಕರಾರಿಲ್ಲ ಅಂತಲೂ ಸೇರಿಸಿದೆವು.

ಕರಾರು ಮುಗಿದ ಮೇಲೆ ಅವರು ಅದೇ ಜಾಗದಲ್ಲಿ ಬೇರೆ ಹೋಟೆಲ್ ತೆರೆಯಬಾರದು ಅಂತ ಬರೆಸಿ ಉಪಯೋಗವಿಲ್ಲ, ಕಾಂಟ್ರಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಅಡ್ಡ ಬರುತ್ತದೆ. ಕರಾರು ನಡೆಯುತ್ತಿರುವಾಗ ಪೈಪೋಟಿ ತಡೆಯುವ ಷರತ್ತು ನಿಲ್ಲುತ್ತದೆ. 1995ರ ಗುಜರಾತ್ ಬಾಟ್ಲಿಂಗ್–ಕೋಕಾ ಕೋಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಹಾಗಾಗಿ ಬೋರ್ಡು, ಮೆನು, ಆ್ಯಪಿನ ಲಿಸ್ಟಿಂಗು, ಅಂಗಡಿಯ ಫೋನ್ ನಂಬರು ಇವನ್ನು ಎಷ್ಟು ದಿನದಲ್ಲಿ ಬಿಟ್ಟುಕೊಡಬೇಕು ಅನ್ನುವುದನ್ನು ನಾವು ಒತ್ತಿ ಬರೆಸಿದೆವು.

ಫ್ರಾಂಚೈಸಿ ಕರಾರಿಗೆ ವಕೀಲರ ಫೀಸು ಲೈಸೆನ್ಸಿಗಿಂತ ಜಾಸ್ತಿಯೇ ಆಯಿತು, ತಿಂಗಳಿಗೊಮ್ಮೆ ಲೆಕ್ಕಕ್ಕೂ ಕೂರಬೇಕು. ನನಗೆ ಹೇಗೂ ರಾತ್ರಿ ಗಲ್ಲಾ ಎಣಿಸಿದ ಮೇಲೆ ಪುಸ್ತಕ ಬಿಚ್ಚುವ ಅಭ್ಯಾಸ, ಪುಡಿ ಮಾಡಲು ಹಿಂದಿನ ಶೆಡ್ಡಿದೆ. ನಿಮಗೆ ಅವೆರಡೂ ಇಲ್ಲದಿದ್ದರೆ ಲೈಸೆನ್ಸೇ ಕೊಡಿ, ಆದರೆ ಒಂದು ವರ್ಷಕ್ಕೆ ಮಾತ್ರ, ಒಂದೇ ಬಡಾವಣೆಗೆ.