ಕಹಿ ಮರಗೆಣಸು: ಹಸಿ, ಬೇಯಿಸಿದ್ದು, ನೆನೆಸಿದ್ದು, ತುರಿದದ್ದು

ಹಸಿಯಾಗಿ ತಿನ್ನುವ ಮಾತೇ ಬೇಡ. ಗೆಡ್ಡೆಯ ಜೀವಕೋಶದಲ್ಲಿ ಸಯನೈಡನ್ನು ಒಳಗಿಟ್ಟುಕೊಂಡ ಲಿನಮರಿನ್ ಎಂಬ ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತದೆ. ಅಗಿದಾಗ ಎರಡೂ ಸೇರಿ ಸಯನೈಡ್ ಹೊರಬರುತ್ತದೆ.

ಹಾಗಾದರೆ ಬೇಯಿಸಿದರೆ ಸಾಕೇ? ನಮ್ಮಲ್ಲಿ ಬೇಯಿಸಿ ತಿನ್ನುವ ಸಿಹಿ ತಳಿಗೆ, ಸಿಪ್ಪೆ ತೆಗೆದು ಬೇಯಿಸಿ ನೀರು ಚೆಲ್ಲಿದರೆ ಸಾಕು. ಕಹಿ ತಳಿಗೆ ಸಾಲದು. ಬಿಸಿಗೆ ಕಿಣ್ವವೇ ಸಾಯುತ್ತದೆ, ಲಿನಮರಿನ್ ಮಾತ್ರ ದಪ್ಪ ಹೋಳಿನೊಳಗೆ ಹಾಗೇ ಉಳಿಯುತ್ತದೆ. ಒಡೆಯುವವನನ್ನೇ ಮೊದಲು ಕೊಂದಂತೆ!

ಕಾಂಗೋದಲ್ಲಿ ಸುಲಿದ ಗೆಡ್ಡೆಯನ್ನು ಸುಮಾರು ಮೂರು ದಿನ ನೀರಲ್ಲಿ ನೆನೆಸುತ್ತಾರೆ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಕುಸಿದು ನಾರು ಬಿಡಬೇಕು. ನಡುವೆ ಗಟ್ಟಿ ಉಳಿದರೆ ಇನ್ನೂ ಆಗಿಲ್ಲ. ಆಮೇಲೆ ಒಣಗಿಸಿ ಹಿಟ್ಟು ಮಾಡುತ್ತಾರೆ. ಅವಸರಕ್ಕೆ ಒಂದೇ ದಿನ ನೆನೆಸಿದ ಕಡೆ ಎರಡೂ ಕಾಲು ಶಾಶ್ವತವಾಗಿ ಸ್ವಾಧೀನ ತಪ್ಪುವ ಕೊಂಜೋ ಎಂಬ ರೋಗ ಕಾಣಿಸಿಕೊಂಡಿದೆ. ಊಟದಲ್ಲಿ ಬೇಳೆಕಾಳು, ಮೀನು ಇಲ್ಲದವರಿಗೆ ಅಪಾಯ ಹೆಚ್ಚು, ಏಕೆಂದರೆ ಸಯನೈಡನ್ನು ನಿರ್ವಿಷ ಮಾಡಲು ದೇಹಕ್ಕೆ ಪ್ರೋಟೀನಿನ ಗಂಧಕಾಂಶ ಬೇಕು.

ನೈಜೀರಿಯಾದಲ್ಲಿ ಗಾರಿ ಎಂಬ ಹುರಿದ ತರಿಹಿಟ್ಟು ಮಾಡುವ ದಾರಿಯೇ ಬೇರೆ: ಸುಲಿದು ನುಣ್ಣಗೆ ತುರಿದು, ಚೀಲಕ್ಕೆ ತುಂಬಿ ಭಾರ ಹೇರಿ, ಎರಡು ಮೂರು ದಿನ ಹುಳಿಬರಿಸಿ ರಸ ಹಿಂಡಿ, ಜರಡಿ ಹಿಡಿದು ಬಾಣಲೆಯಲ್ಲಿ ಕೈಯಾಡಿಸುತ್ತ ಹುರಿಯುತ್ತಾರೆ. ತುರಿದಾಗಲೇ ಕಿಣ್ವಕ್ಕೆ ಲಿನಮರಿನ್ ಸಿಗುತ್ತದೆ. ಉಳಿದ ಸಯನೈಡ್ ಹುರಿಯುವಾಗ ಆವಿಯಾಗುತ್ತದೆ. ಆ ಹಿಂಡಿದ ರಸ ವಿಷ, ದನಕ್ಕೂ ಇಡಬೇಡಿ, ಹುರಿಯುವುದು ಬಯಲಲ್ಲಿರಲಿ.

ನೀರು ಸಮೃದ್ಧವಾಗಿದ್ದರೆ ನೆನೆಸಿ, ಇಲ್ಲದಿದ್ದರೆ ತುರಿಯಿರಿ. ತಳಿ ಯಾವುದೆಂದು ತಿಳಿಯದಿದ್ದರೆ ಕಹಿಯೆಂದೇ ಎಣಿಸಿ. ನಾಲಿಗೆಯ ಕಹಿ ನಂಬಬಹುದಾದ ಅಳತೆಯಲ್ಲ.