ಕುದಿದರೂ ಆಫ್ ಆಗದ ಕೆಟಲ್: ಸೆನ್ಸರ್ ಬೈಪಾಸ್ ಮಾಡಿಸಬೇಡಿ

ನಮ್ಮ ಎಲೆಕ್ಟ್ರಿಕ್ ಕೆಟಲ್ ನೀರು ಕುದಿದ ಮೇಲೂ ತಾನಾಗಿ ಆಫ್ ಆಗುತ್ತಿರಲಿಲ್ಲ. ರಿಪೇರಿಗೆ ಕೊಟ್ಟಾಗ ಬಂದ ಉತ್ತರ: "ಸೆನ್ಸರ್ ಹೋಗಿದೆ, ಡೈರೆಕ್ಟ್ ಮಾಡಿದ್ದೀನಿ. ಗೋಡೆ ಸ್ವಿಚ್ಚಲ್ಲೇ ಆಫ್ ಮಾಡ್ಕೊಳ್ಳಿ." ಅಂದರೆ ತಾನಾಗಿ ಆಫ್ ಮಾಡುವ ಸೆನ್ಸರನ್ನೇ ತಪ್ಪಿಸಿ ವೈರ್ ಜೋಡಿಸಿದ್ದರು. ಈ ಮಾತು ಯಾರಾದರೂ ಹೇಳಿದರೆ ಆ ಕೆಟಲ್ ಅನ್ನು ಮತ್ತೆ ಬಳಸಬೇಡಿ.

ಯಾಕೆಂದರೆ ಮುಂದೆ ಆದದ್ದು ಇದು. ಒಂದು ದಿನ ಗೋಡೆ ಸ್ವಿಚ್ಚು ಆರಿಸುವುದು ತಡವಾಯಿತು. ಕುದಿತ ನಿಲ್ಲದೆ ನೀರು ಮೂತಿಯಿಂದ ಉಕ್ಕಿ, ಕೆಳಗಿನ ಬೇಸ್‌ನ ನಡುವಿನ ಕನೆಕ್ಟರ್‌ಗೆ ಇಳಿಯಿತು. ಕರೆಂಟ್ ಲೀಕ್ ಆದರೆ ತಕ್ಷಣ ಸಂಪರ್ಕ ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಗಿ ಮನೆಯೆಲ್ಲ ಕತ್ತಲು. ಅದು ಟ್ರಿಪ್ ಆದದ್ದೇ ಪುಣ್ಯ.

ಆಮೇಲೆ ಪರಿಚಯದ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದರು. ಸೆನ್ಸರ್‌ಗೆ ಏನೂ ಆಗಿರಲಿಲ್ಲ! ಅದು ನೀರಿನ ಬಿಸಿಯನ್ನು ಅಳೆಯುವುದಿಲ್ಲ, ಹಬೆಗೆ ಕಾಯುತ್ತದೆ. ಮುಚ್ಚಳದ ಹತ್ತಿರ, ಒಳಗೋಡೆಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಹಬೆ ಅದರೊಳಗೆ ನುಗ್ಗಿ ಎರಡು ಲೋಹಗಳ ಪುಟ್ಟ ಬಿಲ್ಲೆಯನ್ನು ಬಿಸಿ ಮಾಡಿದಾಗ ಬಿಲ್ಲೆ ಟಕ್ಕನೆ ಮಗುಚಿ ಸ್ವಿಚ್ಚನ್ನು ಬೀಳಿಸುತ್ತದೆ. ನಮ್ಮದರಲ್ಲಿ ಆ ತೂತನ್ನೇ ಗಡಸು ನೀರಿನ ಬಿಳಿ ಸುಣ್ಣ ಮುಚ್ಚಿತ್ತು. ಮುಚ್ಚಳ ಸರಿಯಾಗಿ ಕೂರದಿದ್ದರೂ ಇದೇ ಗತಿ, ಹಬೆ ಮೇಲಿನಿಂದಲೇ ಹೊರಟುಹೋಗುತ್ತದೆ. ಹಾಗಾಗಿ ಮೊದಲು ಮುಚ್ಚಳ ನೋಡಿ, ಆಮೇಲೆ ತೂತು.

ಸುಣ್ಣ ತೆಗೆಯಲು ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ ಹಾಕಿ, ಬಿಸಿ ಮಾಡಿ, ಅರ್ಧ ಗಂಟೆ ಬಿಡಿ. ಬಿಸಿಯಾಗುವಾಗ ಪಕ್ಕದಲ್ಲೇ ನಿಂತಿರಿ, ತಾನಾಗಿ ಆಫ್ ಆಗದ ಕೆಟಲ್ ಅದು. ಪ್ಲಗ್ ಕಿತ್ತು, ತಣಿದ ಮೇಲೆ ಅದೇ ದ್ರಾವಣದಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತೂತಿನ ಬಾಯಿ ಒರೆಸಿ. ತೂತಿನೊಳಗೆ ದ್ರಾವಣ ಸುರಿಯಬೇಡಿ, ಸೂಜಿ ಚುಚ್ಚಬೇಡಿ. ಅದರಾಚೆ ಇರುವುದು ವಿದ್ಯುತ್ ಭಾಗ. ತೊಳೆದು, ಬರೀ ನೀರನ್ನು ಎರಡು ಸಲ ಕುದಿಸಿ ಚೆಲ್ಲಿ. ಹಬೆ ಜೋರಾದ ಸ್ವಲ್ಪ ಹೊತ್ತಿಗೆ ಸ್ವಿಚ್ಚು ಬಿದ್ದರೆ ಸರಿಯಾಯಿತು. ಮುಚ್ಚಳ, ತೂತು ಎರಡೂ ಸರಿಯಿದ್ದೂ ಬೀಳದಿದ್ದರೆ ಬಿಲ್ಲೆಯೋ ಸ್ವಿಚ್ಚೋ ಸೋತಿದೆ.

ಟ್ರಿಪ್ ಆಗುವ ಕೆಟಲ್ ಕಥೆ ಬೇರೆ. ಪ್ಲಗ್ ಕಿತ್ತು, ಬೇಸ್ ಮತ್ತು ಕೆಟಲ್‌ನ ತಳ ಒರೆಸಿ, ಒಂದು ದಿನ ಪೂರ್ತಿ ಒಣಗಲು ಬಿಡಿ. ಆಮೇಲೆ ಬರೀ ಬೇಸ್ ಅನ್ನು ಸಾಕೆಟ್‌ಗೆ ಹಾಕಿ. ಆಗಲೇ ಟ್ರಿಪ್ ಆದರೆ ದೋಷ ಬೇಸ್ ಅಥವಾ ವೈರಿನಲ್ಲಿದೆ. ನೀರು ತುಂಬಿದ ಕೆಟಲ್ ಇಟ್ಟು ಆನ್ ಮಾಡಿದಾಗ ಮಾತ್ರ ಆದರೆ ಬಹುತೇಕ ನೀರು ಕಾಯಿಸುವ ಒಳಗಿನ ಎಲಿಮೆಂಟ್‌ನಿಂದ ಕರೆಂಟ್ ಲೀಕ್ ಆಗುತ್ತಿದೆ, ಸುಣ್ಣ ತೆಗೆದರೆ ಅದು ಸರಿಹೋಗದು. ಅಂಥದ್ದನ್ನು ಆರ್‌ಸಿಸಿಬಿ ಇಲ್ಲದ ಬೇರೆ ಸಾಕೆಟ್‌ಗೆ ಹಾಕಿ "ಇಲ್ಲಿ ಓಡ್ತಿದೆಯಲ್ಲ" ಅನ್ನುವವರಿದ್ದಾರೆ. ಅಲ್ಲಿ ಲೀಕ್ ನಿಂತಿಲ್ಲ, ಹಿಡಿಯುವವರು ಇಲ್ಲ ಅಷ್ಟೇ. ನಮ್ಮ ಕೆಟಲ್ ವೈರ್ ಕತ್ತರಿಸಿ ಗುಜರಿಗೆ ಹಾಕಿದೆವು, ಇನ್ನೊಬ್ಬರು ಎತ್ತಿಕೊಂಡು ಬಳಸದಿರಲಿ ಅಂತ.